ಸಿಮೆಂಟ್ ಜಾಸ್ತಿ ಹಾಕಿದ ಗೋಡೆಯೇ ಯಾಕೆ ಬಿರುಕು ಬಿಡುತ್ತದೆ?

ಮನೆ ಕಟ್ಟಿಸುವವರು ಮೇಸ್ತ್ರಿಗೆ ಹೇಳುವ ಮಾತೊಂದಿದೆ: "ಒಳಗಿನ ಪ್ಲಾಸ್ಟರಿಂಗ್‌ಗೆ 1:3 ಹಾಕಿ, ಗಟ್ಟಿ ಇರಲಿ." ಅಂದರೆ ಒಂದು ಪಾಲು ಸಿಮೆಂಟಿಗೆ ಮೂರೇ ಪಾಲು ಮರಳು. ಇತ್ತೀಚೆಗೆ ನಾನು ನೋಡಿದ ಒಂದು ಮಲಗುವ ಕೋಣೆಯಲ್ಲಿ ಹಾಗೇ ಮಾಡಿದ್ದರು. ಪೇಂಟ್ ಹಚ್ಚುವ ಮೊದಲೇ ಗೋಡೆ ತುಂಬ ಜೇಡರ ಬಲೆಯಂಥ ಸಣ್ಣ ಬಿರುಕು.

9 ಇಂಚಿನ ಇಟ್ಟಿಗೆ ಗೋಡೆ ಕಟ್ಟಲು 1:6 ಗಾರೆ ಸಾಕು, ಅಂದರೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು. ನಾಲ್ಕೂವರೆ ಇಂಚಿನ ತೆಳು ಗೋಡೆಗೆ ಮಾತ್ರ 1:4 ಬೇಕು. ಭಾರತೀಯ ಮಾನಕದ ಪ್ರಕಾರ 1:6 ಗಾರೆ 28 ದಿನಕ್ಕೆ ಚದರ ಮಿಲಿಮೀಟರಿಗೆ 3 ನ್ಯೂಟನ್ ತಾಳಬೇಕು, 1:3 ಆದರೆ 10. ನಮ್ಮ ಕಡೆಯ ಸಾಮಾನ್ಯ ಸುಟ್ಟ ಇಟ್ಟಿಗೆಗೇ ಎಷ್ಟೋ ಸಲ ಆ 10 ಇರುವುದಿಲ್ಲ. ಗಾರೆ ಇಟ್ಟಿಗೆಗಿಂತ ಗಟ್ಟಿಯಾದರೆ, ಗೋಡೆ ಸ್ವಲ್ಪ ಕದಲಿದಾಗ ಸಂದು ಬಿಟ್ಟುಕೊಡುವುದಿಲ್ಲ. ಇಟ್ಟಿಗೆಯೇ ಸೀಳುತ್ತದೆ. ಸಂದಿನ ಕೂದಲೆಳೆ ಬಿರುಕನ್ನು ಮುಚ್ಚಬಹುದು, ಸೀಳಿದ ಇಟ್ಟಿಗೆಯನ್ನು ಬದಲಿಸುವುದು ದೊಡ್ಡ ಕೆಲಸ.

ಒಳಗಿನ ಪ್ಲಾಸ್ಟರಿಂಗ್‌ಗೂ 1:5 ಅಥವಾ 1:6 ಸಾಕು, ದಪ್ಪ 12ರಿಂದ 15 ಮಿ.ಮೀ. ಆದರೆ ಇಲ್ಲಿ ತೊಂದರೆ ಬೇಗ ಕಾಣುತ್ತದೆ. ಗಾರೆ ಒಣಗುವಾಗ ಕುಗ್ಗುತ್ತದೆ. ಕುಗ್ಗುವುದು ಸಿಮೆಂಟು ನೀರು ಸೇರಿದ ಅಂಟು. ಮರಳು ಕುಗ್ಗುವುದಿಲ್ಲ, ಅಂಟಿನ ಕುಗ್ಗುವಿಕೆಯನ್ನು ತಡೆಯುತ್ತದೆ. ಸಿಮೆಂಟ್ ಜಾಸ್ತಿಯಾದಷ್ಟೂ ಅಂಟು ಜಾಸ್ತಿ, ನೀರೂ ಜಾಸ್ತಿ, ಕುಗ್ಗುವುದೂ ಜಾಸ್ತಿ. ಪ್ಲಾಸ್ಟರ್ ಹಿಂದಿನ ಗೋಡೆಗೆ ಹಿಡಿದುಕೊಂಡಿರುತ್ತದೆ, ಹಾಗಾಗಿ ಬೇಕೆಂದರೂ ಕುಗ್ಗಲು ಜಾಗವಿಲ್ಲ. ಎಳೆತ ತಡೆಯಲಾರದೆ ಬಿರುಕು ಬಿಡುತ್ತದೆ, ಇಲ್ಲವೇ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. 1:6 ಗಾರೆ ಅಷ್ಟು ಬಿಗಿಯಲ್ಲ, ಎಳೆತಕ್ಕೆ ಸ್ವಲ್ಪ ಬಗ್ಗುತ್ತದೆ.

ಪ್ಲಾಸ್ಟರಿಂಗ್ ಮರಳಿನ ಕಣ ಸಣ್ಣದಾಗಿರುವುದರಿಂದ ನೀರು ಮೊದಲೇ ಹೆಚ್ಚು ಕುಡಿಯುತ್ತದೆ. ಪುಡಿ ತುಂಬಿದ ಎಂ-ಸ್ಯಾಂಡ್ ಆದರಂತೂ ಇನ್ನೂ ಹೆಚ್ಚು. ಮೇಲೆ ನುಣುಪಿಗೆಂದು ಬರೀ ಸಿಮೆಂಟ್ ಹಾಲು ಎಳೆದರೆ ಮೇಲ್ಪದರದಲ್ಲಿ ಮರಳೇ ಇರುವುದಿಲ್ಲ, ಅದಕ್ಕೇ ಮೊದಲು ಬಿರುಕು. ನಾನು ಇದನ್ನು ಮಾಡಲು ಬಿಡುವುದೇ ಇಲ್ಲ.

ಲೆಕ್ಕವನ್ನೂ ನೋಡಿ. 3 ಮೀಟರ್ ಅಗಲ, 3 ಮೀಟರ್ ಎತ್ತರದ ಗೋಡೆಗೆ 12 ಮಿ.ಮೀ. ಪ್ಲಾಸ್ಟರ್ ಮಾಡಲು, ಸಂದು ತುಂಬುವುದನ್ನೂ ಸೇರಿಸಿ, 1:6 ಆದರೆ ಸುಮಾರು ಮುಕ್ಕಾಲು ಚೀಲ ಸಿಮೆಂಟ್ ಬೇಕು. 1:3 ಆದರೆ ಒಂದೂಕಾಲು ಚೀಲ. ಅರ್ಧ ಚೀಲ ಸುಮ್ನೆ ಹೋಯಿತು, ಅಲ್ವಾ?

ಅಳತೆಯಲ್ಲೂ ಮೋಸ ಹೋಗಬಹುದು. 50 ಕಿಲೋ ಚೀಲದಲ್ಲಿರುವುದು 35 ಲೀಟರ್ ಸಿಮೆಂಟ್, ಅಂದರೆ 1:6ಕ್ಕೆ 210 ಲೀಟರ್ ಒಣ ಮರಳು. ಒದ್ದೆ ಮರಳು ಉಬ್ಬಿರುತ್ತದೆ. ಅದನ್ನು ಅಷ್ಟೇ ಬಾಂಡ್ಲಿ ಹಾಕಿದರೆ ನಿಜವಾದ ಮರಳು ಕಡಿಮೆಯಾಗಿ, ಗೊತ್ತಿಲ್ಲದೆಯೇ 1:5 ಆಗಿಬಿಡುತ್ತದೆ.

ಬಿರುಕು ಬಿಟ್ಟ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಅಷ್ಟು ಭಾಗ ಕೆತ್ತಿ ತೆಗೆದು, ಗೋಡೆ ನೆನೆಸಿ, 1:5ರಲ್ಲಿ ಮತ್ತೆ ಮಾಡಿಸಿ, ಏಳು ದಿನವಾದರೂ ನೀರುಣಿಸಿ. ಗಟ್ಟಿ ಸದ್ದು ಬಂದರೆ ಅವಸರ ಬೇಡ. ಗೋಡೆ ಪೂರ್ತಿ ಒಣಗಿ ಬಿರುಕು ಬೆಳೆಯುವುದು ನಿಂತ ಮೇಲೆ ಪುಟ್ಟಿ ತುಂಬಿಸಿದರೆ ಸಾಕು.