‘ದಿನಕ್ಕೆ ಒಂಬತ್ತು ಗಂಟೆ ದಾಟಿದ್ರೆ ಮಾತ್ರ ಓಟಿ’ ಅಂತಾರೆ ಎಚ್‌ಆರ್, ಹೌದಾ?

ಪ್ರಶ್ನೆ: ಮಂಡ್ಯದ ತೂಬಿನಕೆರೆ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮಷಿನ್ ಆಪರೇಟರ್ ಆಗಿದ್ದೇನೆ. ಬೆಳಿಗ್ಗೆ 8.30ರಿಂದ ಸಂಜೆ 5ರವರೆಗೆ ಶಿಫ್ಟ್, ಮಧ್ಯೆ ಅರ್ಧ ಗಂಟೆ ಊಟ. ವಾರದಲ್ಲಿ ಐದಾರು ದಿನ 7 ಗಂಟೆವರೆಗೂ ನಿಲ್ಲಿಸಿಕೊಳ್ಳುತ್ತಾರೆ. ಪೇ ಸ್ಲಿಪ್‌ನಲ್ಲಿ ನೋಡಿದರೆ ದಿನಕ್ಕೆ ಒಂದೇ ಗಂಟೆ ಓಟಿ, ಅದೂ ಮಾಮೂಲಿ ರೇಟಿನಲ್ಲಿ. ಕೇಳಿದರೆ ‘ಒಂಬತ್ತು ಗಂಟೆ ದಾಟಿದ್ದಕ್ಕೆ ಮಾತ್ರ ಓಟಿ’ ಅನ್ನುತ್ತಾರೆ. ಬಾಕಿ ಕೇಳಬಹುದಾ? ಹೇಗೆ?

ಉತ್ತರ: ಕೇಳಬಹುದು. ಎಚ್‌ಆರ್‌ನವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ, ಬಾಕಿ ಅರ್ಧವನ್ನು ನುಂಗಿದ್ದಾರೆ. ಕಾರ್ಖಾನೆಗಳ ಕಾಯ್ದೆ 1948ರ ಸೆಕ್ಷನ್ 59ರಲ್ಲಿ ಓಟಿಗೆ ಎರಡು ಗೆರೆ ಇವೆ. ದಿನಕ್ಕೆ 9 ಗಂಟೆ ಒಂದು, ವಾರಕ್ಕೆ 48 ಗಂಟೆ ಇನ್ನೊಂದು. ಎರಡರಲ್ಲಿ ಯಾವುದು ದಾಟಿದರೂ ಓಟಿ ಕೊಡಬೇಕು, ಅದೂ ಮಾಮೂಲಿ ವೇತನದ ಎರಡು ಪಟ್ಟು. ನಿಮ್ಮ ಕಾರ್ಖಾನೆಯವರು ದಿನದ ಗೆರೆ ಮಾತ್ರ ನೋಡಿ ವಾರದ್ದನ್ನು ಮರೆತಿದ್ದಾರೆ. ಮರೆತಿದ್ದಾರೋ, ಬೇಕಂತಲೇ ಬಿಟ್ಟಿದ್ದಾರೋ, ಅದು ಬೇರೆ ಮಾತು.

ಕಾಯ್ದೆಗಳೇ ಬದಲಾಗಿರುವುದರಿಂದ ಒಂದು ದಿನಾಂಕ ನೆನಪಿಟ್ಟುಕೊಳ್ಳಿ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ಅದಕ್ಕಿಂತ ಹಿಂದಿನ ಬಾಕಿಗೆ ಹಳೆ ಕಾಯ್ದೆಯ ಲೆಕ್ಕ, ಆಮೇಲಿನದ್ದಕ್ಕೆ ಹೊಸ ಸಂಹಿತೆಯ ಲೆಕ್ಕ. ಎರಡು ಪಟ್ಟು ಅನ್ನುವುದು ಎರಡರಲ್ಲೂ ಇದೆ. ಯಾವುದರ ಎರಡು ಪಟ್ಟು ಅನ್ನುವಲ್ಲಿ ಮಾತ್ರ ವ್ಯತ್ಯಾಸ.

ಮೊದಲು ಗಂಟೆ ಲೆಕ್ಕ ಹಾಕೋಣ. ನಿಮ್ಮಂಥದ್ದೇ ಶಿಫ್ಟ್ ಇರುವ ಒಬ್ಬರ 2025ರ ಸೆಪ್ಟೆಂಬರ್ ತಿಂಗಳ ಪಂಚಿಂಗ್ ಅಂತ ಇಟ್ಟುಕೊಳ್ಳಿ. ಸೋಮವಾರ 8.24ಕ್ಕೆ ಥಂಬ್ ಕೊಟ್ಟಿದ್ದಾರೆ, 7.06ಕ್ಕೆ ಹೊರಗೆ ಬಂದಿದ್ದಾರೆ. ಈ ಆರಾರು ನಿಮಿಷವನ್ನೆಲ್ಲ ಸೇರಿಸಬೇಡಿ. ಮಷಿನ್ ಮುಂದೆ ನಿಂತಿದ್ದು 8.30ರಿಂದ 7ರವರೆಗೆ. ಅದು ಹತ್ತೂವರೆ ಗಂಟೆ. ಊಟದ ಅರ್ಧ ಗಂಟೆ ಕೆಲಸದ ಲೆಕ್ಕಕ್ಕೆ ಬರುವುದಿಲ್ಲ. ಉಳಿದಿದ್ದು 10 ಗಂಟೆ. ಮಂಗಳವಾರವೂ 10. ಬುಧವಾರ 5ಕ್ಕೇ ಬಿಟ್ಟರು, 8 ಗಂಟೆ. ಗುರು, ಶುಕ್ರ, ಶನಿ ಮತ್ತೆ ಹತ್ತತ್ತು. ವಾರದ ಒಟ್ಟು 58.

ದಿನದ ಗೆರೆ ಹಿಡಿದರೆ ಐದು ದಿನ ಒಂದೊಂದು ಗಂಟೆ ಜಾಸ್ತಿ, ಅಂದರೆ 5 ಗಂಟೆ ಓಟಿ. ವಾರದ ಗೆರೆ ಹಿಡಿದರೆ 58ರಲ್ಲಿ 48 ಕಳೆದು 10 ಗಂಟೆ. ಕಾರ್ಖಾನೆ ಕೊಟ್ಟಿದ್ದು ಐದಕ್ಕೆ, ಕೊಡಬೇಕಿದ್ದು ಹತ್ತಕ್ಕೆ. ಎರಡನ್ನೂ ಕೂಡಿಸಿ 15 ಅಂತ ಮಾತ್ರ ಕೇಳಬೇಡಿ. ಒಂದೇ ಗಂಟೆಯನ್ನು ಎರಡು ಸಲ ಎಣಿಸಿದ ಹಾಗಾಗುತ್ತದೆ, ನಿಮ್ಮ ಇಡೀ ಪಟ್ಟಿಯ ಮೇಲೇ ಅನುಮಾನ ಬರುತ್ತದೆ.

ಪ್ರತಿ ವಾರವೂ ವಾರದ ಗೆರೆಯೇ ಲಾಭ ಅಂತೇನಿಲ್ಲ. ಅದೇ ತಿಂಗಳ ಇನ್ನೊಂದು ವಾರ ಆತ ಒಂದು ದಿನ ರಜೆ ಹಾಕಿದ್ದರು. ಐದು ದಿನ ಹತ್ತತ್ತು ಗಂಟೆ, ಒಟ್ಟು 50. ವಾರದ ಪ್ರಕಾರ ಬರೀ 2 ಗಂಟೆ, ದಿನದ ಪ್ರಕಾರ 5. ಆ ವಾರಕ್ಕೆ 5 ಹಿಡಿಯಬೇಕು. ಹೊಸ ಸಂಹಿತೆ ಇದನ್ನು ಬಿಡಿಸಿಯೇ ಹೇಳುತ್ತದೆ: ದಿನದ್ದೋ ವಾರದ್ದೋ, ಕಾರ್ಮಿಕರಿಗೆ ಯಾವುದು ಅನುಕೂಲವೋ ಅದು. ಹೊಸ ಸಂಹಿತೆಯಲ್ಲಿ ದಿನದ ಕೆಲಸದ ಮಿತಿಯೂ 8 ಗಂಟೆ. ಜತೆಗೆ, ನಿಮ್ಮ ಒಪ್ಪಿಗೆ ಇಲ್ಲದೆ ಓಟಿಗೆ ನಿಲ್ಲಿಸಿಕೊಳ್ಳುವ ಹಾಗಿಲ್ಲ.

ವಾರ ಅಂದರೆ ಕಾರ್ಖಾನೆಗಳ ಕಾಯ್ದೆಯಲ್ಲಿ ಶನಿವಾರ ಮಧ್ಯರಾತ್ರಿಯಿಂದ ಶುರುವಾಗುವ ಏಳು ದಿನ. ಹಾಗಾಗಿ ಪಟ್ಟಿಯನ್ನು ಭಾನುವಾರದಿಂದ ಶನಿವಾರಕ್ಕೆ ಕಟ್ಟಿ. ಒಂದನೇ ತಾರೀಕಿನಿಂದ ಏಳೇಳು ದಿನ ಎಣಿಸಿದರೆ ಲೆಕ್ಕ ಹಳ್ಳ ಹಿಡಿಯುತ್ತದೆ.

ಇನ್ನು ರೇಟು. ಅವರ ತಿಂಗಳ ಸಂಬಳದಲ್ಲಿ ಬೇಸಿಕ್ ಮತ್ತು ಡಿಎ ಸೇರಿ 16,640 ರೂಪಾಯಿ, ಮನೆ ಬಾಡಿಗೆ ಭತ್ಯೆ 2,600, ಪ್ರಯಾಣ ಭತ್ಯೆ 1,560. ಒಟ್ಟು 20,800. ಸೆಕ್ಷನ್ 59ರ ಪ್ರಕಾರ ಮಾಮೂಲಿ ವೇತನ ಅಂದರೆ ಬೇಸಿಕ್ ಜತೆಗೆ ನಿಮಗೆ ಬರುವ ಭತ್ಯೆಗಳು. ಬೋನಸ್ ಮತ್ತು ಓಟಿ ಹಣ ಮಾತ್ರ ಅದರಲ್ಲಿ ಸೇರುವುದಿಲ್ಲ. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ ಅಂತ ಹಿಡಿಯುವುದು ರೂಢಿ, ಅಂದರೆ 208 ಗಂಟೆ. 20,800ನ್ನು 208ರಿಂದ ಭಾಗಿಸಿದರೆ ಗಂಟೆಗೆ 100 ರೂಪಾಯಿ. ಓಟಿಗೆ ಅದರ ಎರಡು ಪಟ್ಟು, 200.

ಕಾರ್ಖಾನೆ ಕೊಟ್ಟಿದ್ದು ಗಂಟೆಗೆ 80. ಎಲ್ಲಿಂದ ಬಂತು ಆ 80? ಭತ್ಯೆ ಬಿಟ್ಟು 16,640ನ್ನು 208ರಿಂದ ಭಾಗಿಸಿದ್ದಾರೆ, ಎರಡು ಪಟ್ಟು ಮಾಡಿಲ್ಲ. ಕೆಲವು ಕಡೆ 26ರ ಬದಲು 30 ದಿನದಿಂದ ಭಾಗಿಸಿ ಇನ್ನೂ ಇಳಿಸುತ್ತಾರೆ. ನಿಮ್ಮ ಸ್ಲಿಪ್‌ನಲ್ಲಿರುವ ಓಟಿ ಮೊತ್ತವನ್ನು ಗಂಟೆಗಳಿಂದ ಭಾಗಿಸಿ ನೋಡಿ, ಯಾವ ಆಟ ಆಡಿದ್ದಾರೆ ಅಂತ ಗೊತ್ತಾಗುತ್ತದೆ.

ಆ ನಾಲ್ಕು ವಾರದ ಓಟಿ 10, 12, 5 ಮತ್ತು 9 ಗಂಟೆ ಬಂತು ಅಂದುಕೊಳ್ಳಿ. ಒಟ್ಟು 36. ಗಂಟೆಗೆ 200ರಂತೆ 7,200 ರೂಪಾಯಿ ಬರಬೇಕು. ಕಾರ್ಖಾನೆ 21 ಗಂಟೆ ಹಿಡಿದು 80ರಂತೆ 1,680 ಕೊಟ್ಟಿದೆ. ಬಾಕಿ 5,520. ನಾಲ್ಕೇ ವಾರಕ್ಕೆ ಇಷ್ಟು.

ನವೆಂಬರ್ 21ರ ನಂತರದ ಲೆಕ್ಕದಲ್ಲಿ ಸ್ವಲ್ಪ ಇಳಿಯುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಹೊಸ ಸಂಹಿತೆಗಳಲ್ಲಿ ವೇತನ ಅಂದರೆ ಮುಖ್ಯವಾಗಿ ಬೇಸಿಕ್ ಮತ್ತು ಡಿಎ. ಮನೆ ಬಾಡಿಗೆ, ಪ್ರಯಾಣದ ಭತ್ಯೆ ಅದರಲ್ಲಿಲ್ಲ. ಹಾಗಾಗಿ ಇವರ ರೇಟು 80ರ ಎರಡು ಪಟ್ಟು, 160 ಆಗುತ್ತದೆ. ಆದರೆ ಬೇಸಿಕ್ ತೀರಾ ಕಡಿಮೆ ಇಟ್ಟು ಭತ್ಯೆಯಲ್ಲೇ ಸಂಬಳ ತುಂಬುವವರಿಗೆ ಅಲ್ಲೊಂದು ಕಡಿವಾಣ ಇದೆ. ಹೊರಗಿಟ್ಟ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ ಭಾಗವನ್ನು ವೇತನಕ್ಕೇ ಸೇರಿಸಬೇಕು. 20,800ರಲ್ಲಿ ಬೇಸಿಕ್ 8,000 ಮಾತ್ರ ಇದ್ದರೂ ವೇತನವನ್ನು 10,400 ಅಂತಲೇ ಹಿಡಿಯಬೇಕು.

ಲೆಕ್ಕ ಆಯಿತು, ಇನ್ನು ದಾಖಲೆ. ಎಚ್‌ಆರ್‌ಗೆ ಬರೆದು ನಿಮ್ಮ ತಿಂಗಳವಾರು ಪಂಚಿಂಗ್ ಪಟ್ಟಿ ಕೇಳಿ. ಮೊಬೈಲ್ ಆ್ಯಪ್‌ನಲ್ಲಿ ಹಾಜರಿ ಕಾಣುತ್ತಿದ್ದರೆ ಪ್ರತಿ ತಿಂಗಳೂ ಸ್ಕ್ರೀನ್‌ಶಾಟ್ ತೆಗೆದಿಡಿ. ಜಗಳ ಶುರುವಾದ ಮೇಲೆ ಲಾಗಿನ್ ಬಂದ್ ಮಾಡಿಬಿಡುತ್ತಾರೆ. ಕೆಲಸದ ವೇಳೆಯ ಪಟ್ಟಿಯನ್ನು ನೋಟಿಸ್ ಬೋರ್ಡಿನಲ್ಲಿ ಹಾಕಿರಬೇಕು, ಅದರಲ್ಲಿರುವ ಶಿಫ್ಟ್ ವೇಳೆಯನ್ನೂ ಬರೆದುಕೊಳ್ಳಿ. ಪೇ ಸ್ಲಿಪ್ ಕೊಡುವುದು ಮಾಲೀಕರ ಕರ್ತವ್ಯ. ಕೊಡದಿದ್ದರೆ ಬ್ಯಾಂಕ್ ಪಾಸ್‌ಬುಕ್ ಇದೆಯಲ್ಲ.

ಕೆಲವು ಕಡೆ ಇನ್ನೊಂದು ಚಾಳಿ ಇದೆ. 5ಕ್ಕೆ ಪಂಚ್ ಔಟ್ ಮಾಡಿಸಿ, ಮತ್ತೆ ಲೈನಿಗೆ ಕಳಿಸುತ್ತಾರೆ. ಅಲ್ಲಿ ಹಾಜರಿ ನೋಡಿದರೆ ಓಟಿಯೇ ಇಲ್ಲ. ಆಗ ಬೇರೆ ಕಡೆ ಉಳಿದ ಗುರುತು ಹುಡುಕಬೇಕು. ನೀವು ಸಹಿ ಹಾಕಿದ ಪ್ರೊಡಕ್ಷನ್ ಶೀಟಿನಲ್ಲಿ 6.40ರ ಎಂಟ್ರಿ ಇರಬಹುದು. ಗೇಟಿನ ಸೆಕ್ಯುರಿಟಿ ಪುಸ್ತಕ, 7.15ಕ್ಕೆ ಹೊರಟ ಕಂಪನಿ ಬಸ್, ಸೂಪರ್‌ವೈಸರ್ ವಾಟ್ಸಾಪ್ ಗುಂಪಿಗೆ ಹಾಕಿದ ‘ಇವತ್ತು ಎಲ್ಲರೂ ಏಳರವರೆಗೆ’ ಅನ್ನುವ ಮೆಸೇಜ್, ಇವೆಲ್ಲ ಸಾಕ್ಷಿಯೇ. ಅವತ್ತವತ್ತೇ ಡೈರಿಯಲ್ಲಿ ವೇಳೆ ಬರೆದಿಟ್ಟರೆ ಅದಕ್ಕೂ ಬೆಲೆ ಇದೆ. ಆರು ತಿಂಗಳ ನಂತರ ಒಂದೇ ಪೆನ್ನಿನಲ್ಲಿ ಕೂತು ಬರೆದ ಡೈರಿಗೆ ಇಲ್ಲ.

ಇದೆಲ್ಲ ಕೈಯಲ್ಲಿಟ್ಟುಕೊಂಡು ಮ್ಯಾನೇಜ್‌ಮೆಂಟಿಗೆ ಒಂದು ಪತ್ರ ಕೊಡಿ. ಉದ್ದ ಬೇಡ, ಸಿಟ್ಟೂ ಬೇಡ. ಹೀಗಿದ್ದರೆ ಸಾಕು:

‘ಮಾನ್ಯರೇ, 2025ರ ಆಗಸ್ಟ್ 31ರಿಂದ ಸೆಪ್ಟೆಂಬರ್ 27ರವರೆಗಿನ ನಾಲ್ಕು ವಾರದಲ್ಲಿ, ತಮ್ಮ ಹಾಜರಿ ದಾಖಲೆಯ ಪ್ರಕಾರ, ನಾನು 36 ಗಂಟೆ ಹೆಚ್ಚುವರಿ ಕೆಲಸ ಮಾಡಿದ್ದೇನೆ. ಕಾರ್ಖಾನೆಗಳ ಕಾಯ್ದೆ ಸೆಕ್ಷನ್ 59ರಂತೆ ಗಂಟೆಗೆ 200 ರೂ. ದರದಲ್ಲಿ 7,200 ರೂ. ಬರಬೇಕು. 1,680 ರೂ. ಮಾತ್ರ ಪಾವತಿಯಾಗಿದೆ. ಬಾಕಿ 5,520 ರೂ.ಗಳನ್ನು 15 ದಿನದೊಳಗೆ ಪಾವತಿಸಬೇಕಾಗಿ ಕೋರುತ್ತೇನೆ. ವಾರವಾರು ಲೆಕ್ಕ ಲಗತ್ತಿಸಿದೆ. ಲೆಕ್ಕದಲ್ಲಿ ವ್ಯತ್ಯಾಸವಿದ್ದರೆ ನನ್ನ ಹಾಜರಿ ಮತ್ತು ಓಟಿ ದಾಖಲೆಯ ನಕಲಿನೊಂದಿಗೆ ಲಿಖಿತವಾಗಿ ತಿಳಿಸಿ.’

ಇಲ್ಲಿನ 15 ದಿನ ಕಾನೂನಿನ ಗಡುವಲ್ಲ, ನೀವು ಕೊಡುವ ಸಮಯ. ಕೊನೆಯ ವಾಕ್ಯ ಬಿಡಬೇಡಿ. ಅವರು ದಾಖಲೆ ಕೊಟ್ಟರೆ ಲೆಕ್ಕ ತಾಳೆ ನೋಡಬಹುದು, ಕೊಡದಿದ್ದರೆ ಕೇಳಿಯೂ ಕೊಡಲಿಲ್ಲ ಅನ್ನುವುದೇ ನಿಮಗೊಂದು ಆಧಾರ. ಪತ್ರದ ನಕಲಿನ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಆಗ ‘ಓಟಿ ಬದಲು ಕಾಂಪ್ ಆಫ್ ತಗೊಳ್ಳಿ’ ಅನ್ನಬಹುದು. ರಜೆ ಕೊಟ್ಟ ಮಾತ್ರಕ್ಕೆ ಓಟಿ ಹಣ ತೀರುವುದಿಲ್ಲ. ‘ಎಲ್ಲ ಬಾಕಿ ಚುಕ್ತಾ’ ಅನ್ನುವ ಕಾಗದಕ್ಕೆ ಸಹಿ ಕೇಳಿದರೆ, ಬಂದಷ್ಟು ಮೊತ್ತ ಬರೆದು ‘ಉಳಿದದ್ದಕ್ಕೆ ಆಕ್ಷೇಪವಿದೆ’ ಅಂತ ಸೇರಿಸಿ. ಹಕ್ಕು ಬಿಟ್ಟುಕೊಟ್ಟಿದ್ದೇನೆ ಅಂತ ಬರೆಸಿಕೊಂಡ ಒಪ್ಪಂದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ ನಿಜ, ಆದರೂ ಸುಮ್ನೆ ಸಹಿ ಹಾಕಿ ಆಮೇಲೆ ವಾದ ಮಾಡುವ ಫಜೀತಿ ಯಾಕೆ?

ಉತ್ತರ ಬರದಿದ್ದರೆ ಕಾರ್ಮಿಕ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ, ವೇತನ ಬಾಕಿಯ ಅರ್ಜಿ ಕೊಡಬೇಕು ಅಂತ ಹೇಳಿ. ಸುಮ್ಮನೆ ದೂರು ಅಂದರೆ ಒಂದು ಫೋನ್ ಮಾಡಿ ಕೈತೊಳೆದುಕೊಂಡಾರು. ಅರ್ಜಿಯಾದರೆ ಪ್ರಾಧಿಕಾರ ಮಾಲೀಕರನ್ನು ಕರೆಸಿ ವಿಚಾರಣೆ ಮಾಡಿ ಆದೇಶ ಕೊಡಬೇಕು. ಹಾಜರಿ ರಿಜಿಸ್ಟರ್, ಓಟಿ ರಿಜಿಸ್ಟರ್, ಪಂಚಿಂಗ್ ಮಷಿನ್‌ನ ಮೂಲ ಡೇಟಾ ತರಿಸಬೇಕು ಅಂತ ಅರ್ಜಿಯಲ್ಲೇ ಕೇಳಿ. ವೇತನ ಸಂಹಿತೆ 2019ರ ಸೆಕ್ಷನ್ 59 ಇಲ್ಲಿ ನಿಮ್ಮ ಕಡೆ ಇದೆ (ಕಾರ್ಖಾನೆ ಕಾಯ್ದೆಯ 59 ಬೇರೆ, ಇದು ಬೇರೆ). ವೇತನ ಬಂದಿಲ್ಲ ಅಂತ ಅರ್ಜಿ ಹಾಕಿದರೆ, ಕೊಟ್ಟಿದ್ದೇವೆ ಅಂತ ತೋರಿಸುವ ಹೊಣೆ ಮಾಲೀಕರದ್ದು. ಆದರೆ ಅಷ್ಟು ಗಂಟೆ ಕೆಲಸ ಮಾಡಿದ್ದೇ ಸುಳ್ಳು ಅಂತ ಅವರು ತಕರಾರು ತೆಗೆದರೆ ನಿಮ್ಮ ಪಟ್ಟಿಯೇ ಕೆಲಸಕ್ಕೆ ಬರುವುದು.

ಸಂಹಿತೆಯ ಪ್ರಕಾರ ಅರ್ಜಿಗೆ ಮೂರು ವರ್ಷ ಸಮಯವಿದೆ. ಹಳೆ ವೇತನ ಪಾವತಿ ಕಾಯ್ದೆಯಲ್ಲಿ ಇದ್ದದ್ದು ಹನ್ನೆರಡೇ ತಿಂಗಳು. ಹಾಗಾಗಿ ನವೆಂಬರ್ 2025ಕ್ಕಿಂತ ಹಿಂದಿನ ಬಾಕಿ ಇದ್ದರೆ ಮೂರು ವರ್ಷ ಇದೆಯಲ್ಲ ಅಂತ ಕೂರಬೇಡಿ. ತಡವಾಗಿದ್ದರೆ ಕಾರಣ ಬರೆದು ಅರ್ಜಿ ಕೊಡಿ, ಕಾರಣ ಸರಿ ಅನ್ನಿಸಿದರೆ ಪ್ರಾಧಿಕಾರ ತೆಗೆದುಕೊಳ್ಳಬಹುದು. ಬಾಕಿಯ ಮೇಲೆ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಲು ಅವಕಾಶವಿದೆ. ಅದು ಗರಿಷ್ಠ ಮಿತಿ ಅಷ್ಟೇ, 5,520ಕ್ಕೆ 55,200 ಸಿಕ್ಕೇ ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ. ಮೂರು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕು ಅಂತಲೂ ಇದೆ. ಆದೇಶವಾದ ಮೇಲೂ ಕೊಡದಿದ್ದರೆ ಜಿಲ್ಲಾಧಿಕಾರಿ ಮೂಲಕ ಭೂಕಂದಾಯ ಬಾಕಿಯಂತೆ ವಸೂಲಿ ಮಾಡಿಸಬಹುದು.

ಒಬ್ಬರೇ ಹೋದರೆ ಗುರಿಯಾಗುತ್ತೀರಿ ಅನ್ನುವ ಭಯ ಸಹಜ. ಒಂದೇ ಅರ್ಜಿಯಲ್ಲಿ ಎಷ್ಟು ಜನ ಬೇಕಾದರೂ ಸೇರಬಹುದು, ಪ್ರತಿಯೊಬ್ಬರ ವಾರವಾರು ಪಟ್ಟಿ ಬೇರೆ ಬೇರೆ ಇರಬೇಕು. ನೀವು ಸದಸ್ಯರಾಗಿರುವ ನೋಂದಾಯಿತ ಯೂನಿಯನ್ ಕೂಡ ನಿಮ್ಮ ಪರವಾಗಿ ಅರ್ಜಿ ಹಾಕಬಹುದು. ಗುತ್ತಿಗೆದಾರರ ಮೂಲಕ ಸೇರಿದವರಾದರೆ ಗುತ್ತಿಗೆದಾರ ಮತ್ತು ಕಾರ್ಖಾನೆ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಗುತ್ತಿಗೆದಾರ ಕೊಡದಿದ್ದರೆ ಹಣ ಕೊಡುವ ಹೊಣೆ ಕಾರ್ಖಾನೆಯ ಮೇಲೆ ಬರುತ್ತದೆ. ವಕೀಲರ ಫೀಸಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಕಾರ್ಖಾನೆ ಕಾರ್ಮಿಕರಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ, ಅದಕ್ಕೆ ಆದಾಯದ ಮಿತಿಯೂ ಇಲ್ಲ.