1.46 ಯಾಕೆ ಬರುವುದಿಲ್ಲ? ಬಿಳಿ ಉಂಗುರದ ಹಿನ್ನೆಲೆ

ಹುಬ್ಬಳ್ಳಿ-ಧಾರವಾಡದ ಪಿಯು ಕಾಲೇಜಿನ ಲ್ಯಾಬಿನಲ್ಲಿ ಒಂದು ಮೀಟರ್ ಉದ್ದದ ಗಾಜಿನ ಕೊಳವೆಯನ್ನು ಸ್ಟ್ಯಾಂಡಿಗೆ ಅಡ್ಡಲಾಗಿ ಕಟ್ಟುತ್ತಾರೆ. ಒಂದು ತುದಿಗೆ ಅಮೋನಿಯ ದ್ರಾವಣದಲ್ಲಿ ಅದ್ದಿದ ಹತ್ತಿ, ಇನ್ನೊಂದು ತುದಿಗೆ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿದ ಹತ್ತಿ. ಎರಡೂ ಅನಿಲಗಳು ಒಳಗೆ ಹರಡಿ ಸಂಧಿಸಿದಲ್ಲಿ ಅಮೋನಿಯಂ ಕ್ಲೋರೈಡಿನ ಬಿಳಿ ಉಂಗುರ ಕಟ್ಟುತ್ತದೆ. ಲೆಕ್ಕದ ಪ್ರಕಾರ ಅದು ಅಮೋನಿಯದ ತುದಿಯಿಂದ 59.4 ಸೆಂ.ಮೀ. ದೂರದಲ್ಲಿ ಬೀಳಬೇಕು. ಬೀಳುವುದು ಸಾಮಾನ್ಯವಾಗಿ ಅದಕ್ಕಿಂತ ಈಚೆಗೆ, ನಡುವಿಗೆ ಹತ್ತಿರ. ಆದರೂ ರೆಕಾರ್ಡ್ ಪುಸ್ತಕದಲ್ಲಿ ಎರಡು ಅನಿಲಗಳು ಸಾಗಿದ ದೂರಗಳ ಅನುಪಾತ 1.46 ಎಂದೇ ಕಾಣುತ್ತದೆ. ಈ ಗೊಂದಲಕ್ಕೆ ಸುಮಾರು ಇನ್ನೂರು ವರ್ಷದ ಇತಿಹಾಸವಿದೆ.

1823ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಡೋಬೆರೈನರ್ ನೀರಿನ ಮೇಲೆ ಜಾಡಿಯಲ್ಲಿ ಹೈಡ್ರೋಜನ್ ಹಿಡಿದಿಟ್ಟಿದ್ದರು. ಜಾಡಿಗೆ ಕೂದಲೆಳೆಯಷ್ಟು ಬಿರುಕಿತ್ತು. ನೋಡಿದರೆ ಒಳಗಿನ ನೀರು ಮೇಲೇರಿತ್ತು: ಒಳಬಂದ ಗಾಳಿಗಿಂತ ಹೊರಹೋದ ಹೈಡ್ರೋಜನ್ ಹೆಚ್ಚು. ಸ್ಕಾಟ್ಲೆಂಡಿನ ಥಾಮಸ್ ಗ್ರಹಾಂ ಇದರ ಬೆನ್ನು ಹತ್ತಿದರು. ಬಿರುಕಿನ ಬದಲು ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಬಿರಡೆ ಇಟ್ಟು, ಎರಡೂ ಕಡೆ ಒತ್ತಡ ಸಮವಾಗಿರುವಂತೆ ಕಾದು ಅಳೆದರು. ಅನಿಲ ಹೀಗೆ ಹರಡುವ, ಅಂದರೆ ವಿಸರಣದ, ವೇಗ ಅದರ ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮ ಎಂಬ ನಿಯಮ 1833ರಲ್ಲಿ ಅಚ್ಚಾಯಿತು. 1846ರಲ್ಲಿ ಅವರು ತೆಳು ತಗಡಿನ ಸಣ್ಣ ತೂತಿನಿಂದ ಅನಿಲ ಸೋರುವುದನ್ನು ಬೇರೆಯಾಗಿಯೇ ಅಳೆದರು. ಸೂತ್ರ ಒಂದೇ, ಆದರೆ ಪ್ರಯೋಗ ಎರಡು. ಪಾಠ ಹೇಳುವಾಗ ಇವೆರಡೂ ಮುಂದೆ ಒಂದರಲ್ಲೊಂದು ಬೆರೆತು ಹೋದವು.

ಕಾರಣ ತಿಳಿದದ್ದು ಅಣುಚಲನ ಸಿದ್ಧಾಂತದಿಂದ. ಒಂದೇ ಉಷ್ಣತೆಯಲ್ಲಿರುವ ಎಲ್ಲ ಅನಿಲಗಳ ಅಣುಗಳಿಗೂ ಸರಾಸರಿ ಚಲನಶಕ್ತಿ ಒಂದೇ. ½mv² ಸಮವಾಗಿರಬೇಕಾದರೆ m ಕಡಿಮೆ ಇದ್ದಲ್ಲಿ v ಹೆಚ್ಚಿರಲೇಬೇಕು. ಅಮೋನಿಯದ ಅಣುತೂಕ 17, ಹೈಡ್ರೋಜನ್ ಕ್ಲೋರೈಡಿನದು 36.5. ಭಾಗಿಸಿ ವರ್ಗಮೂಲ ತೆಗೆದರೆ ಅದೇ 1.46. ಚಲನಶಕ್ತಿ ಸಮ ಎಂಬ ಈ ಮಾತನ್ನು ಸ್ಕಾಟ್ಲೆಂಡಿನ ವಾಟರ್‌ಸ್ಟನ್ 1845ರಲ್ಲೇ ಬರೆದು ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದ್ದರು. ಪ್ರಬಂಧ ಕಡತದಲ್ಲೇ ಉಳಿದು, ಅವರು ತೀರಿಕೊಂಡ ಮೇಲೆ, 1892ರಲ್ಲಿ ಪ್ರಕಟವಾಯಿತು.

ನಮ್ಮ ಉಂಗುರಕ್ಕೆ ನೇರವಾಗಿ ಸಂಬಂಧಿಸಿದ ಪ್ರಶ್ನೆ ಎದ್ದದ್ದು 1858ರಲ್ಲಿ. ಜರ್ಮನಿಯ ಭೌತವಿಜ್ಞಾನಿ ಕ್ಲಾಸಿಯಸ್ ಹೇಳುವಂತೆ ಅಣುಗಳು ಸೆಕೆಂಡಿಗೆ ನೂರಾರು ಮೀಟರ್ ಓಡುವುದಾದರೆ, ಕೋಣೆಯ ಈ ಮೂಲೆಯ ವಾಸನೆ ಆ ಮೂಲೆಗೆ ಮುಟ್ಟಲು ಅಷ್ಟು ಹೊತ್ತು ಯಾಕೆ ಬೇಕು ಎಂದು ಡಚ್ ವಿಜ್ಞಾನಿ ಬಾಯ್ಸ್ ಬಾಲೊಟ್ ಕೇಳಿದರು. ಅಮೋನಿಯ ಅಣುವಿನ ವೇಗ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 660 ಮೀಟರ್. ನೇರ ಓಡಿದ್ದರೆ 60 ಸೆಂ.ಮೀ. ದಾಟಲು ಒಂದು ಮಿಲಿಸೆಕೆಂಡೂ ಬೇಡ. ಆದರೆ ಕೊಳವೆಯ ಮುಂದೆ ನಾವು ಹಲವು ನಿಮಿಷ ಕಾಯುತ್ತೇವೆ. ಕ್ಲಾಸಿಯಸ್ ಕೊಟ್ಟ ಉತ್ತರ ಇದು: ಅಣು ಒಂದಿಷ್ಟೇ ದೂರ ಹೋಗಿ ಇನ್ನೊಂದಕ್ಕೆ ಡಿಕ್ಕಿ ಹೊಡೆದು ದಿಕ್ಕು ಬದಲಿಸುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಆ ದೂರ ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಸಂತೆಯಲ್ಲಿ ಮಿರ್ಚಿ ಭಜಿಯ ಘಮ ದೂರದಿಂದ ಬೇಗ ಬಂದರೆ ಅದನ್ನು ತಂದದ್ದು ಬೀಸುವ ಗಾಳಿ. ಅದನ್ನು ವಿಸರಣದ ಉದಾಹರಣೆಯಾಗಿ ಹೇಳಿಕೊಡಬಾರದು.

ಹಾಗಾಗಿ ಕೊಳವೆಯಲ್ಲಿ ನಡೆಯುವುದು ಅಮೋನಿಯ ಮತ್ತು ಹೈಡ್ರೋಜನ್ ಕ್ಲೋರೈಡಿನ ಓಟದ ಪಂದ್ಯವಲ್ಲ. ಎರಡೂ ಗಾಳಿಯಲ್ಲಿ ದಾರಿ ಬಿಡಿಸಿಕೊಳ್ಳುತ್ತವೆ. ಆಗ ಸರಾಸರಿ 29 ಇರುವ ಗಾಳಿಯ ಅಣುತೂಕವೂ ಲೆಕ್ಕಕ್ಕೆ ಬರುತ್ತದೆ. 1/17 + 1/29 ರ ವರ್ಗಮೂಲವನ್ನು 1/36.5 + 1/29 ರ ವರ್ಗಮೂಲದಿಂದ ಭಾಗಿಸಿದರೆ 1.23. ಅಣುಗಳ ಗಾತ್ರ ಬಿಟ್ಟು, ಗಾಳಿಯಲ್ಲಿ ಇವು ಹರಡುವ ಸಾಮರ್ಥ್ಯದ ಅನುಪಾತ ಇದು. ಉಂಗುರ 55 ಸೆಂ.ಮೀ.ಗೆ ಬಿದ್ದರೆ 55/45, ಅಂದರೆ 1.22. ಇದನ್ನು ತಪ್ಪು ಎಂದು ಅಳಿಸಿ 1.46 ಬರೆಸುವುದು ನ್ಯಾಯವಲ್ಲ. 1.23ರೊಂದಿಗೆ ತಾಳೆಯಾಯಿತೆಂದು ಅಲ್ಲಿಗೇ ನಿಲ್ಲುವುದೂ ಸರಿಯಲ್ಲ, ಏಕೆಂದರೆ ಎರಡು ಹತ್ತಿಗಳಿಂದ ಏಳುವ ಆವಿಯ ಪ್ರಮಾಣವೂ ಜಾಗವನ್ನು ಸರಿಸುತ್ತದೆ.

ನಿಜವಾದ ತಪ್ಪುಗಳು ಇರುವುದು ಬೇರೆ ಕಡೆ. ಮೇಲಿಂದ ಮೇಲೆ ಮುಚ್ಚಳ ತೆಗೆದ ಅಮೋನಿಯ ಬಾಟಲಿ ಬೇಸಿಗೆಯಲ್ಲಿ ಬೇಗ ಸಪ್ಪೆಯಾಗುತ್ತದೆ. ಆಗ ಉಂಗುರ ಅಮೋನಿಯದ ಕಡೆಗೇ ಸರಿಯುತ್ತದೆ. ತೊಳೆದು ಒಣಗಿಸದ ಕೊಳವೆಯಲ್ಲೂ ಭರವಸೆ ಇಡುವಂತಿಲ್ಲ, ಎರಡೂ ಅನಿಲಗಳು ನೀರಿನಲ್ಲಿ ಚೆನ್ನಾಗಿ ಕರಗುತ್ತವೆ. ಹತ್ತಿಯಿಟ್ಟ ತುದಿಯ ಬಿರಡೆಯನ್ನು ಒಮ್ಮೆಲೇ ಒತ್ತಿದರೆ ಆವಿ ಪಿಚಕಾರಿಯಂತೆ ಒಳನುಗ್ಗುತ್ತದೆ. ಅದಕ್ಕೇ ಇಬ್ಬರು ನಿಂತು, ಎರಡೂ ಕಡೆ ಏಕಕಾಲಕ್ಕೆ, ನಿಧಾನವಾಗಿ ಒತ್ತಬೇಕು. ಅಳತೆ ಹತ್ತಿಯ ಒಳಮುಖದಿಂದ ಶುರುವಾಗಬೇಕು. ಬಿಳಿ ಗೆರೆ ತೆಳ್ಳಗೆ ಕಂಡ ಕ್ಷಣವೇ ಗಾಜಿನ ಮೇಲೆ ಗುರುತು ಹಾಕಬೇಕು. ತಡ ಮಾಡಿದರೆ ಹೊಗೆ ಹರಡಿ ಉಂಗುರ ಅಗಲವಾಗುತ್ತದೆ, ಆಮೇಲೆ ಯಾವ ಅಂಚನ್ನು ಹಿಡಿದು ಅಳೆಯುವುದು ಎಂಬುದೇ ತಿಳಿಯುವುದಿಲ್ಲ.