ಸುಟ್ಟುಹೋದ ಸ್ಟಾಕ್ ಎಷ್ಟಿತ್ತು? ಗ್ರಾಸ್ ಪ್ರಾಫಿಟ್ ವಿಧಾನದ ಪರಿಚಯ

ಅಂಗಡಿಗೆ ಬೆಂಕಿ ಬಿದ್ದ ಮಾರನೇ ದಿನ ವಿಮೆಯ ಸರ್ವೇಯರ್ ಮೊದಲು ಕೇಳುವುದು, ‘ಒಳಗೆ ಎಷ್ಟು ಮಾಲಿತ್ತು?’ ಅಂತ. ಎಣಿಸಿ ಹೇಳೋಣ ಅಂದರೆ ಎಣಿಸಲು ಏನೂ ಉಳಿದಿಲ್ಲ. ಇಂಥ ಹೊತ್ತಿನಲ್ಲಿ ಮಾಲನ್ನು ನೋಡದೆ, ಲೆಕ್ಕದ ಪುಸ್ತಕ ಮಾತ್ರ ನೋಡಿ ಸ್ಟಾಕ್ ಅಂದಾಜು ಮಾಡುವ ದಾರಿಗೆ ಗ್ರಾಸ್ ಪ್ರಾಫಿಟ್ ವಿಧಾನ ಅನ್ನುತ್ತಾರೆ. ಪಠ್ಯಪುಸ್ತಕಗಳಲ್ಲಿ ಇದೇ ‘ಒಟ್ಟು ಲಾಭ ವಿಧಾನ’.

ಇದರ ಹಿಂದಿರುವ ಯೋಚನೆ ಸರಳ. ವರ್ಷದ ಆರಂಭದಲ್ಲಿದ್ದ ಮಾಲು, ಆಮೇಲೆ ಕೊಂಡ ಮಾಲು, ಎರಡೂ ಸೇರಿದರೆ ಅಂಗಡಿಗೆ ಬಂದದ್ದೆಷ್ಟು ಅಂತ ಗೊತ್ತಾಗುತ್ತದೆ. ಅದರಲ್ಲಿ ಮಾರಿಹೋದದ್ದನ್ನು ಕಳೆದರೆ ಉಳಿದದ್ದು ಸಿಗುತ್ತದೆ. ತೊಡಕು ಒಂದೇ. ಬಂದ ಮಾಲು ಅಸಲು ಬೆಲೆಯಲ್ಲಿ ಬರೆದಿರುತ್ತದೆ, ಹೋದ ಮಾಲು ಮಾರಾಟದ ಬೆಲೆಯಲ್ಲಿ. ಎರಡನ್ನೂ ಒಂದೇ ಅಳತೆಗೆ ತರದೆ ಕಳೆಯುವಂತಿಲ್ಲ. ಮಾರಾಟದಿಂದ ಲಾಭದ ಪಾಲನ್ನು ತೆಗೆದು ಅಸಲಿಗೆ ಇಳಿಸಬೇಕು. ಆ ಪಾಲು ಎಷ್ಟು ಅನ್ನುವುದನ್ನು ಹಿಂದಿನ ವರ್ಷಗಳ ಮಾರ್ಜಿನ್, ಅಂದರೆ ಮಾರಾಟದಲ್ಲಿ ಲಾಭ ಶೇಕಡಾ ಎಷ್ಟು ಅನ್ನುವುದು, ಹೇಳುತ್ತದೆ. ಇಲ್ಲಿ ಲಾಭ ಅಂದರೆ ಮಾರಿದ ಬೆಲೆಯಿಂದ ಮಾಲಿನ ಅಸಲನ್ನು ಕಳೆದದ್ದು ಮಾತ್ರ. ಅಂಗಡಿ ಬಾಡಿಗೆ, ಸಂಬಳ, ಕರೆಂಟ್ ಬಿಲ್ ಇದರಲ್ಲಿ ಬರುವುದಿಲ್ಲ. ಮಾಲು ತರಿಸಿದ ಸಾಗಾಣಿಕೆ ಖರ್ಚು ಮಾತ್ರ ಅಸಲಿಗೆ ಸೇರುತ್ತದೆ.

ಒಂದು ಲೆಕ್ಕ ಮಾಡಿಯೇ ನೋಡೋಣ. ವೈರ್, ಸ್ವಿಚ್, ದೀಪಗಳನ್ನು ಮಾರುವ ಒಂದು ಎಲೆಕ್ಟ್ರಿಕಲ್ ಅಂಗಡಿ ಅಂದುಕೊಳ್ಳಿ. ಲೆಕ್ಕದ ವರ್ಷ ಶುರುವಾಗಿ ಆರು ತಿಂಗಳಾಗಿದೆ, ಒಂದು ರಾತ್ರಿ ಬೆಂಕಿ ಬಿತ್ತು. ಪುಸ್ತಕದ ಪ್ರಕಾರ ಆರಂಭದ ಸ್ಟಾಕ್ 12 ಲಕ್ಷ, ಖರೀದಿ 43.8 ಲಕ್ಷ, ಮಾರಾಟ 60 ಲಕ್ಷ.

ಮೊದಲು ಖರೀದಿಯನ್ನು ಸೋಸಬೇಕು. ಬಿಲ್ಲುಗಳನ್ನು ಒಂದೊಂದಾಗಿ ನೋಡಿದಾಗ ಕೊನೇ ವಾರದ ಒಂದು ಬಿಲ್ 1.3 ಲಕ್ಷದ್ದು. ಪುಸ್ತಕದಲ್ಲಿ ಬರೆದಾಗಿದೆ, ಆದರೆ ಮಾಲು ಇನ್ನೂ ಲಾರಿಯಲ್ಲೇ ಇತ್ತು. ಅಂಗಡಿಗೆ ಬಾರದ ಮಾಲು ಅಂಗಡಿಯಲ್ಲಿ ಸುಡುವುದಿಲ್ಲ, ಹಾಗಾಗಿ ಅದನ್ನು ಕಳೆಯಬೇಕು. ಮಾಲೀಕರು ತಮ್ಮ ಮನೆ ಕಟ್ಟಿಸುವಾಗ ಅಂಗಡಿಯಿಂದಲೇ 50 ಸಾವಿರದ ವೈರ್, ಸ್ವಿಚ್ ಒಯ್ದಿದ್ದರು. ಬಿಲ್ ಹಾಕಿರಲಿಲ್ಲ, ಹಾಗಾಗಿ ಅದು ಮಾರಾಟದಲ್ಲಿ ಕಾಣುವುದಿಲ್ಲ. ಅದನ್ನೂ ಅಸಲು ಬೆಲೆಯಲ್ಲೇ ಕಳೆಯಬೇಕು. ಇಷ್ಟಾದ ಮೇಲೆ ಖರೀದಿ 42 ಲಕ್ಷಕ್ಕೆ ಇಳಿಯಿತು. ಮಾರಾಟದ ಕಡೆಯೂ ಹೀಗೇ ನೋಡಬೇಕು: ಬಿಲ್ ಆಗಿದ್ದರೂ ಗಿರಾಕಿ ಒಯ್ಯದೆ ಬಿಟ್ಟ ಮಾಲು, ಮಾಲು ಹೋಗಿದ್ದರೂ ಬಿಲ್ ಆಗದ್ದು, ವಾಪಸ್ ಬಂದದ್ದು. ಈ ಅಂಗಡಿಯಲ್ಲಿ ಅಂಥದ್ದೇನೂ ಇರಲಿಲ್ಲ ಅಂದುಕೊಳ್ಳೋಣ.

ಈಗ ಮಾರ್ಜಿನ್. ಹಿಂದಿನ ಮೂರು ವರ್ಷಗಳಲ್ಲಿ ಮಾರಾಟ 80, 100, 120 ಲಕ್ಷ. ಗ್ರಾಸ್ ಪ್ರಾಫಿಟ್ 20, 25, 27.6 ಲಕ್ಷ. ಅಂದರೆ ಶೇ. 25, 25, 23. ಹೆಚ್ಚಿನವರು ಇಲ್ಲಿ ಸುಮ್ನೆ ಸರಾಸರಿ ತೆಗೆದು ಮುಂದಕ್ಕೆ ಹೋಗಿಬಿಡುತ್ತಾರೆ. ನನಗಂತೂ ಆ ಅಭ್ಯಾಸ ಇಷ್ಟವಿಲ್ಲ. ಎರಡು ವರ್ಷ ಕದಲದೆ ನಿಂತಿದ್ದ ಮಾರ್ಜಿನ್ ಒಂದೇ ವರ್ಷದಲ್ಲಿ ಎರಡು ಪಾಯಿಂಟ್ ಇಳಿದಿದ್ದರೆ ಅದಕ್ಕೊಂದು ಕಾರಣ ಇರಲೇಬೇಕು, ಅಲ್ವಾ? ಕೆದಕಿದಾಗ ಸಿಕ್ಕಿತು. ಹೋದ ವರ್ಷ ಹಳೇ ಮಾದರಿಯ ದೀಪಗಳನ್ನು ನಷ್ಟಕ್ಕೆ ಖಾಲಿ ಮಾಡಿದ್ದರು. ಅಸಲು 5.4 ಲಕ್ಷ, ಮಾರಿದ್ದು 4 ಲಕ್ಷಕ್ಕೆ, ನಷ್ಟ 1.4 ಲಕ್ಷ. ಅದನ್ನು ಬದಿಗಿಟ್ಟರೆ ಮಾರಾಟ 116 ಲಕ್ಷ, ಲಾಭ 29 ಲಕ್ಷ. ಮತ್ತೆ ಅದೇ ಶೇ. 25. ಆ ಹಳೇ ದೀಪ ಪೂರ್ತಿ ಮಾರಿಹೋಗಿದೆ, ಈ ವರ್ಷದ ಸ್ಟಾಕಿನಲ್ಲಿ ಒಂದೂ ಇಲ್ಲ. ಹಾಗಾಗಿ ಈ ವರ್ಷಕ್ಕೆ 25 ಹಿಡಿಯುವುದೇ ಸರಿ.

ಇನ್ನು ಉಳಿದದ್ದು ಕಳೆಯುವ ಲೆಕ್ಕ. ಮಾರಾಟ 60 ಲಕ್ಷ, ಅದರ ಶೇ. 25 ಅಂದರೆ 15 ಲಕ್ಷ ಲಾಭ. ಮಾರಿದ ಮಾಲಿನ ಅಸಲು 45 ಲಕ್ಷ.

```
12 + 42 - 45 = 9
```

ಬೆಂಕಿ ಬಿದ್ದ ರಾತ್ರಿ ಒಳಗಿದ್ದ ಸ್ಟಾಕ್ 9 ಲಕ್ಷ. ಇದನ್ನೇ ಖಾತೆಯ ರೂಪದಲ್ಲಿ ಬರೆದರೆ ಅದಕ್ಕೆ ಮೆಮೊರಾಂಡಮ್ ಟ್ರೇಡಿಂಗ್ ಅಕೌಂಟ್ ಅನ್ನುತ್ತಾರೆ. ಮಾಮೂಲಿ ಟ್ರೇಡಿಂಗ್ ಅಕೌಂಟಿನಲ್ಲಿ ಸ್ಟಾಕ್ ಗೊತ್ತಿರುತ್ತದೆ, ಲಾಭ ಹುಡುಕುತ್ತೇವೆ. ಇಲ್ಲಿ ಲಾಭವನ್ನು ಮೊದಲೇ ಬರೆದು ಸ್ಟಾಕ್ ಹುಡುಕುತ್ತೇವೆ, ಅಷ್ಟೇ ವ್ಯತ್ಯಾಸ.

ಇಲ್ಲಿ ಒಂದು ಗುಂಡಿ ಇದೆ. ನಾನೇ ಒಮ್ಮೆ ಬಿದ್ದಿದ್ದೇನೆ. ಮಾಲೀಕರನ್ನು ಕೇಳಿದರೆ ‘ನಾವು ಶೇ. 25 ಇಟ್ಟು ಮಾರ್ತೀವಿ’ ಅನ್ನುತ್ತಾರೆ. ಅವರು ಹೇಳುವುದು ಅಸಲಿನ ಮೇಲೆ ಇಟ್ಟದ್ದು. ಅಸಲು 100 ಇದ್ದದ್ದನ್ನು 125ಕ್ಕೆ ಮಾರಿದರೆ ಮಾರಾಟದ ಮೇಲೆ ಲಾಭ ಶೇ. 20 ಮಾತ್ರ. ಮಾರಾಟದ ಮೇಲೆ ನಿಜವಾಗಿ ಶೇ. 25 ಬೇಕೆಂದರೆ ಅಸಲಿನ ಮೇಲೆ ಸುಮಾರು 33.3 ಇಡಬೇಕು. ನಮ್ಮ ಲೆಕ್ಕದಲ್ಲಿ ಈ ಎರಡನ್ನು ಅದಲುಬದಲು ಮಾಡಿದರೆ ಮಾರಿದ ಮಾಲಿನ ಅಸಲು 48 ಲಕ್ಷವಾಗಿ, ಸ್ಟಾಕ್ 9ರ ಬದಲು 6 ಲಕ್ಷಕ್ಕೆ ಇಳಿಯುತ್ತದೆ. ಮೂರು ಲಕ್ಷ ಮಾಯ! ಆಮೇಲಿಂದ ಬಾಯಿಮಾತಿನ ಮಾರ್ಜಿನ್ನನ್ನು ನಾನು ನಂಬುವುದಿಲ್ಲ. ಇಪ್ಪತ್ತು ಐಟಂಗಳ ಖರೀದಿ ಬಿಲ್, ಮಾರಾಟದ ಬಿಲ್ ಪಕ್ಕಪಕ್ಕ ಇಟ್ಟು ನೋಡುತ್ತೇನೆ.

ಮಾರ್ಜಿನ್ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳುವುದು ಯಾಕೆ? ಶೇಕಡಾವಾರು ತಾಗುವುದು 60 ಲಕ್ಷದ ಮಾರಾಟಕ್ಕೆ, ನಾವು ಹುಡುಕುತ್ತಿರುವುದು 9 ಲಕ್ಷದ ಸ್ಟಾಕ್. ಮಾರ್ಜಿನ್ ಒಂದೇ ಒಂದು ಪಾಯಿಂಟ್ ಆಚೀಚೆ ಆದರೂ ಸ್ಟಾಕ್ 60 ಸಾವಿರ ಆಚೀಚೆ ಆಗುತ್ತದೆ. ಹೋದ ವರ್ಷದ 23ನ್ನೇ ಹಿಡಿದಿದ್ದರೆ ಉತ್ತರ 7.8 ಲಕ್ಷ. ವರ್ಷ ಮುಂದೆ ಹೋದಷ್ಟೂ ಮಾರಾಟದ ಮೊತ್ತ ಬೆಳೆಯುತ್ತದೆ, ತಪ್ಪೂ ಬೆಳೆಯುತ್ತದೆ. ವರ್ಷದ ಎರಡನೇ ತಿಂಗಳಲ್ಲಿ ಬೆಂಕಿ ಬಿದ್ದಿದ್ದರೆ ಇದೇ ವಿಧಾನ ಎಷ್ಟೋ ಜಾಸ್ತಿ ನಂಬಿಕಸ್ಥ.

ಮಾರುವ ಮಾಲಿನ ಮಿಶ್ರಣ ಬದಲಾದರೂ ಮಾರ್ಜಿನ್ ಸದ್ದಿಲ್ಲದೆ ಜಾರುತ್ತದೆ. ವೈರಿನಲ್ಲಿ ಶೇ. 12, ಅಲಂಕಾರದ ದೀಪದಲ್ಲಿ ಶೇ. 35 ಸಿಗುತ್ತದೆ ಅಂದುಕೊಳ್ಳಿ. ಮಾರಾಟದಲ್ಲಿ ವೈರಿನ ಪಾಲು 43 ಇದ್ದದ್ದು 50ಕ್ಕೆ ಏರಿದರೆ, ಯಾವ ಬೆಲೆಯೂ ಬದಲಾಗದೆಯೇ ಒಟ್ಟು ಮಾರ್ಜಿನ್ ಸುಮಾರು 25ರಿಂದ 23.5ಕ್ಕೆ ಇಳಿಯುತ್ತದೆ. ಬಿಲ್ಲುಗಳು ಬೇರೆಬೇರೆಯಾಗಿ ಸಿಗುವುದಾದರೆ ಎರಡು ಗುಂಪಿಗೂ ಬೇರೆಬೇರೆ ಲೆಕ್ಕ ಹಾಕುವುದೇ ಒಳ್ಳೆಯದು.

ಇದಕ್ಕಿಂತ ಕೆಟ್ಟದ್ದು ಹೋದ ವರ್ಷದ ಕೊನೆಯ ಸ್ಟಾಕನ್ನೇ ಉಬ್ಬಿಸಿ ಬರೆದದ್ದು. ಸಾಲ ಸುಲಭವಾಗಿ ಸಿಗಲಿ ಅಂತ ಕೆಲವರು ಹೀಗೆ ಮಾಡುತ್ತಾರೆ. 2 ಲಕ್ಷ ಉಬ್ಬಿಸಿದ್ದರೆ ಆ ವರ್ಷದ ಲಾಭವೂ 2 ಲಕ್ಷ ಉಬ್ಬಿ, ಮಾರ್ಜಿನ್ ಸುಮಾರು 1.67 ಪಾಯಿಂಟ್ ಏರಿರುತ್ತದೆ. ಈ ವರ್ಷಕ್ಕೆ ಆ ಮಾರ್ಜಿನ್ನನ್ನೇ ಹಿಡಿದರೆ ಮಾರಿದ ಮಾಲಿನ ಅಸಲು 1 ಲಕ್ಷ ಕಡಿಮೆ ಕಾಣುತ್ತದೆ. ಆರಂಭದ ಸ್ಟಾಕ್ ಹೇಗೂ 2 ಲಕ್ಷ ಜಾಸ್ತಿ. ಎರಡೂ ಸೇರಿ ಅಂದಾಜು 3 ಲಕ್ಷ ಮೇಲಕ್ಕೆ ಹೋಗುತ್ತದೆ. ಇಂಥದ್ದನ್ನು ಹಿಡಿಯಲು ಒಂದು ಒರಟು ಪರೀಕ್ಷೆ ಇದೆ: ಬಂದ ಉತ್ತರದಷ್ಟು ಮಾಲು ಆ ರ‍್ಯಾಕ್‌ಗಳಲ್ಲಿ, ಆ ಗೋಡೌನಿನಲ್ಲಿ ಹಿಡಿಸುತ್ತಿತ್ತೇ?

ಸ್ಟಾಕ್ 9 ಲಕ್ಷ ಅಂದ ಮಾತ್ರಕ್ಕೆ ನಷ್ಟವೂ 9 ಲಕ್ಷ ಅಲ್ಲ. ಹೊಗೆ ಹಿಡಿದರೂ ಮಾರಬಹುದಾದ 1.5 ಲಕ್ಷದ ಮಾಲು ಉಳಿದಿದ್ದರೆ ಅದು ಸಾಲ್ವೇಜ್. ನಷ್ಟ 7.5 ಲಕ್ಷ. ವಿಮೆ 6 ಲಕ್ಷಕ್ಕೆ ಮಾತ್ರ ಮಾಡಿಸಿದ್ದು, ಪಾಲಿಸಿಯಲ್ಲಿ ಆವರೇಜ್ ಕ್ಲಾಜ್, ಅಂದರೆ ಸ್ಟಾಕಿಗಿಂತ ವಿಮೆ ಕಡಿಮೆ ಇದ್ದರೆ ಪರಿಹಾರವೂ ಅದೇ ಪ್ರಮಾಣದಲ್ಲಿ ಇಳಿಯುವ ಷರತ್ತು, ಇದ್ದರೆ, 7.5ರಲ್ಲಿ ಒಂಬತ್ತನೇ ಆರು ಪಾಲು, ಅಂದರೆ 5 ಲಕ್ಷ ಸಿಗುತ್ತದೆ. ಇಲ್ಲೊಂದು ವಿಚಿತ್ರ ನೋಡಿ. ಅದೇ ಸಾಲ್ವೇಜ್ ಇಟ್ಟುಕೊಂಡು ಸ್ಟಾಕನ್ನು 7.8 ಅಂದರೆ ಸುಮಾರು 4.85 ಲಕ್ಷ ಬರುತ್ತದೆ. ಖರೀದಿ ಸೋಸದೆ 10.8 ಅಂದರೆ ಸುಮಾರು 5.17 ಲಕ್ಷ. ಅಂದಾಜಿನಲ್ಲಿ ಮೂರು ಲಕ್ಷದ ಜಗಳ, ಕೈಗೆ ಬರುವುದರಲ್ಲಿ 32 ಸಾವಿರದ ವ್ಯತ್ಯಾಸ. ವಿಮೆ ಪೂರ್ತಿ ಮಾಡಿಸಿದ್ದಾಗ ಮಾತ್ರ ಆ ಮೂರು ಲಕ್ಷ ಮೂರು ಲಕ್ಷವಾಗಿಯೇ ಉಳಿಯುತ್ತದೆ.

ಕಳ್ಳತನದಲ್ಲಿ ಲೆಕ್ಕ ಇದೇ, ಕೊನೇ ಹೆಜ್ಜೆ ಬೇರೆ. ಇಲ್ಲಿ ಉಳಿದ ಮಾಲನ್ನು ಎಣಿಸಬಹುದು. ಇದೇ ಅಂಗಡಿಯ ಬೀಗ ಒಡೆದಿತ್ತು, ಎಣಿಸಿದಾಗ 7.9 ಲಕ್ಷದ ಮಾಲು ಸಿಕ್ಕಿತು ಅನ್ನೋಣ. ಪುಸ್ತಕದ ಅಂದಾಜು 9, ಹಾಗಾದರೆ ಕಳುವಾದದ್ದು 1.1 ಲಕ್ಷವೇ? ಅಷ್ಟು ಗಟ್ಟಿಯಾಗಿ ಹೇಳಲಾಗದು. ನಿಜವಾದ ಮಾರ್ಜಿನ್ 25ರ ಬದಲು 23.17 ಆಗಿದ್ದರೆ ಏನೂ ಕಳುವಾಗದೆಯೇ ಇಷ್ಟು ಕೊರತೆ ಕಾಣುತ್ತಿತ್ತು. ಸಣ್ಣ ಕಳ್ಳತನವನ್ನು ಈ ವಿಧಾನವೊಂದರಿಂದಲೇ ಸಾಬೀತು ಮಾಡುವುದು ಕಷ್ಟ. ಗುಂಪುವಾರು ಲೆಕ್ಕ ಹಾಕಿದಾಗ ದೀಪ, ಸ್ವಿಚ್ ಸರಿಯಾಗಿ ತಾಳೆಯಾಗಿ, ಕೊರತೆಯೆಲ್ಲ ತಾಮ್ರದ ವೈರಿನಲ್ಲೇ ಕಂಡರೆ ಮಾತು ಬೇರೆ.

ವರ್ಷಗಟ್ಟಲೆ ಒಳಗಿನವರೇ ಸ್ವಲ್ಪಸ್ವಲ್ಪ ಸಾಗಿಸುತ್ತಿದ್ದರೆ ಈ ವಿಧಾನಕ್ಕೆ ಕಣ್ಣೇ ಕಾಣುವುದಿಲ್ಲ. ಪ್ರತಿ ವರ್ಷದ ಕೊನೆಗೆ ಎಣಿಸಿದಾಗ ಸ್ಟಾಕ್ ಕಡಿಮೆ ಬಂದಿರುತ್ತದೆ. ಕದ್ದ ಮಾಲಿನ ಅಸಲು ಮಾರಿದ ಮಾಲಿನ ಅಸಲಿನ ಜೊತೆ ಸೇರಿಕೊಂಡಿರುತ್ತದೆ. ಬಿಲ್ಲುಗಳ ಪ್ರಕಾರ ಶೇ. 27 ಬರಬೇಕಾದ ಕಡೆ ಪುಸ್ತಕದಲ್ಲಿ 25 ನಿಂತಿರುತ್ತದೆ, ಅದೂ ವರ್ಷದಿಂದ ವರ್ಷಕ್ಕೆ ಕದಲದೆ. ಆ 25ನ್ನೇ ನಾವು ‘ಹಿಂದಿನ ಮಾರ್ಜಿನ್’ ಅಂತ ಹಿಡಿದು ಲೆಕ್ಕ ಹಾಕಿದರೆ ಪುಸ್ತಕ, ಎಣಿಕೆ ಎರಡೂ ಚೆನ್ನಾಗಿ ತಾಳೆಯಾಗುತ್ತವೆ. ಬಿಲ್ಲಿನ ಮಾರ್ಜಿನ್ನಿಗೂ ಪುಸ್ತಕದ ಮಾರ್ಜಿನ್ನಿಗೂ ನಡುವೆ ಇರುವ ಆ ಎರಡು ಪಾಯಿಂಟಿನಲ್ಲೇ ಕಳ್ಳ ಕೂತಿರುತ್ತಾನೆ.